ಒಂದೇ ಟಿಕೆಟ್, ಎರಡು ಸಂದೇಶ

ಶುಕ್ರವಾರ ಸಂಜೆ ಮೆಜೆಸ್ಟಿಕ್ ಸುತ್ತಮುತ್ತ ರಾತ್ರಿ ಬಸ್ಸಿಗೆ ಹೊರಟವರೆಲ್ಲ ಮೊಬೈಲ್ ನೋಡುತ್ತ ನಿಂತಿರುತ್ತಾರೆ. ಒಬ್ಬರ ಖಾತೆಯಿಂದ ದುಡ್ಡು ಹೋಗಿದೆ, ಟಿಕೆಟ್ ಮಾತ್ರ ಬಂದಿಲ್ಲ. ಇನ್ನೊಬ್ಬರಿಗೆ ಒಂದೇ ಸೀಟಿಗೆ ಎರಡು ಸಂದೇಶ ಬಂದಿದೆ. ಹಣವೂ ಎರಡು ಸಲ ಹೋಯಿತೇನೋ ಎಂಬ ಗಾಬರಿಯಲ್ಲಿ ಅವರು ಬ್ಯಾಂಕ್ ಆ್ಯಪ್ ತೆರೆಯುತ್ತಿದ್ದಾರೆ. ಮತ್ತೊಬ್ಬರ ಟಿಕೆಟ್‌ನಲ್ಲಿ ಹೆಸರು ಇರಬೇಕಾದ ಜಾಗದಲ್ಲಿ null ಎಂದು ಅಚ್ಚಾಗಿದೆ. ಆಫರ್‌ಗಳ ಮೇಲ್ ಬೇಡವೆಂದು ಎಂದೋ ಹೇಳಿದವರಿಗೆ ಈಗಷ್ಟೇ ಇನ್ನೊಂದು ಆಫರ್ ಬಂದು ಬಿದ್ದಿದೆ.

ಈ ನಾಲ್ಕೂ ತೊಂದರೆಗಳನ್ನು ಆ್ಯಪ್ ಜನರ ಕೈಗೆ ಹೋಗುವ ಮೊದಲೇ ಹಿಡಿಯಬಹುದು. ಆದರೆ ಹಿಡಿಯುವ ದಾರಿ ನಾವು ಅಂದುಕೊಂಡಷ್ಟು ನೇರವಲ್ಲ. ಗುಂಡಿ ಒತ್ತಿದೆವು, ಸಂದೇಶ ಬಂತು, ಸರಿಯಿದೆ ಎಂದು ಬರೆದುಕೊಳ್ಳುವ ಪರೀಕ್ಷೆಯಿಂದ ಇವುಗಳಲ್ಲಿ ಒಂದೂ ಕಾಣಿಸುವುದಿಲ್ಲ. ಎಲ್ಲವೂ ಸುಸೂತ್ರವಾಗಿರುವಾಗ ಸಂದೇಶ ಸರಿಯಾಗಿಯೇ ಬರುತ್ತದೆ. ನಡುವೆ ಒಂದು ಉತ್ತರ ತಡವಾದಾಗ, ಒಂದು ಫೋನ್ ಆಫ್ ಆಗಿದ್ದಾಗ ಏನಾಗುತ್ತದೆ ಎಂಬುದೇ ನಿಜವಾದ ಪ್ರಶ್ನೆ. ಆದ್ದರಿಂದ ಪರೀಕ್ಷೆ ಮಾಡುವವರು ಆ ಕೆಟ್ಟ ಗಳಿಗೆಯನ್ನು ತಾವೇ ಕೈಯಾರೆ ಹುಟ್ಟಿಸಬೇಕಾಗುತ್ತದೆ.

ಒಂದು ಬಸ್ ಟಿಕೆಟ್ ಆ್ಯಪ್ ಇದೆ ಎಂದುಕೊಂಡು, ಅದರ ಸಂದೇಶಗಳ ಹಿಂದೆಯೇ ಹೋಗಿ ನೋಡೋಣ.

ಕಳಿಸಿದ್ದು ಬೇರೆ, ತಲುಪಿದ್ದು ಬೇರೆ

ಪ್ರಯಾಣಿಕರು ಹಣ ಕಟ್ಟಿದ ಕೂಡಲೇ ಇಮೇಲ್ ಹೊರಟುಬಿಡುವುದಿಲ್ಲ. ‘ಈ ಟಿಕೆಟ್‌ಗೆ ಮೇಲ್ ಕಳಿಸಬೇಕು’ ಎಂಬ ಒಂದು ಚೀಟಿ ಕಂಪ್ಯೂಟರಿನೊಳಗಿನ ಸರತಿ ಸಾಲಿಗೆ ಸೇರುತ್ತದೆ. ತಂತ್ರಜ್ಞರು ಇದನ್ನು ಕ್ಯೂ ಎನ್ನುತ್ತಾರೆ. ಹಿನ್ನೆಲೆಯಲ್ಲಿ ಓಡುತ್ತಿರುವ ಇನ್ನೊಂದು ಪ್ರೋಗ್ರಾಂ ಆ ಚೀಟಿ ಎತ್ತಿಕೊಂಡು, ಪತ್ರ ಸಿದ್ಧಮಾಡಿ, ಮೇಲ್ ಸರ್ವರ್‌ಗೆ ಒಪ್ಪಿಸುತ್ತದೆ. ಆ ಸರ್ವರ್ ಪ್ರಯಾಣಿಕರ ಇಮೇಲ್ ಕಂಪನಿಯ ಸರ್ವರ್‌ಗೆ ದಾಟಿಸುತ್ತದೆ. ಪ್ರತಿ ದಾಟಿನಲ್ಲೂ ಪಡೆದುಕೊಂಡವರು ‘250’ ಎಂಬ ಸಂಖ್ಯೆಯ ಉತ್ತರ ಕೊಟ್ಟರೆ, ಅಲ್ಲಿಂದ ಮುಂದಿನ ಹೊಣೆ ಅವರದು.

ಆ್ಯಪ್‌ನ ದಾಖಲೆಯಲ್ಲಿ ‘ಕಳಿಸಲಾಗಿದೆ’ ಎಂದಿದ್ದರೆ ಮೊದಲ ದಾಟು ಮುಗಿದಿದೆ ಎಂದಷ್ಟೇ ಅರ್ಥ. ಪ್ರಯಾಣಿಕರ ಇನ್‌ಬಾಕ್ಸ್ ಅಲ್ಲಿಂದ ಇನ್ನೂ ದೂರವಿದೆ. ಎಷ್ಟೋ ತಂಡಗಳು ಈ ದಾಖಲೆಯನ್ನು ನೋಡಿ ಸಮಾಧಾನಪಟ್ಟುಕೊಳ್ಳುತ್ತವೆ. ದಾಖಲೆಯ ಬದಲು ಪೆಟ್ಟಿಗೆ ತೆರೆದು ಎಣಿಸಬೇಕು ಎಂಬುದು ಈ ಕೆಲಸದ ಮೊದಲ ಪಾಠ.

ಎಣಿಸಲು ಸುಲಭದ ಸಾಧನಗಳಿವೆ. ಮೇಲ್‌ಪಿಟ್ ಎಂಬ ಉಚಿತ ತಂತ್ರಾಂಶ ನಮ್ಮ ಕಂಪ್ಯೂಟರಿನಲ್ಲೇ ಮೇಲ್ ಸರ್ವರ್‌ನಂತೆ ಕೂರುತ್ತದೆ. 1025ನೇ ಪೋರ್ಟಿನಲ್ಲಿ ಬಂದ ಪತ್ರಗಳನ್ನೆಲ್ಲ ಪಡೆದು, ಹೊರಗೆ ಒಂದನ್ನೂ ಬಿಡದೆ, 8025ನೇ ಪೋರ್ಟಿನ ಪುಟದಲ್ಲಿ ತೋರಿಸುತ್ತದೆ. ಪರೀಕ್ಷೆಯ ಪತ್ರ ನಿಜವಾದ ಜನರ ಕೈಗೆ ಹೋಗಬಾರದು ಎಂಬುದು ಸಣ್ಣ ವಿಷಯವಲ್ಲ. 2021ರ ಜೂನ್ 17ರಂದು ಅಮೆರಿಕದ ಎಚ್‌ಬಿಒ ಮ್ಯಾಕ್ಸ್‌ನ ಚಂದಾದಾರರಿಗೆ ‘ಇಂಟಿಗ್ರೇಷನ್ ಟೆಸ್ಟ್ ಇಮೇಲ್ #1’ ಎಂಬ ಶೀರ್ಷಿಕೆಯ, ಪರೀಕ್ಷೆಗೆಂದೇ ಬರೆದಿಟ್ಟ ಪತ್ರ ಹೋಗಿಬಿಟ್ಟಿತ್ತು. ಪರೀಕ್ಷೆಗೆ ಬಳಸುವ ವಿಳಾಸದಲ್ಲೂ ಎಚ್ಚರ ಬೇಕು. test.com ಎಂಬುದು ಯಾರದೋ ನಿಜವಾದ ವಿಳಾಸ. ಇಂಥ ಬಳಕೆಗೆಂದೇ 1999ರಲ್ಲಿ ಕಾದಿರಿಸಿದ್ದು example.com ಮತ್ತು .test.

ಎರಡು ಸಲ ಏಕೆ ಬರುತ್ತದೆ?

ಈಗ ಆ ಎರಡು ಟಿಕೆಟ್‌ಗಳ ವಿಷಯ. ಇದು ಯಾರೋ ಕಣ್ತಪ್ಪಿ ಮಾಡಿದ ದೋಷವಲ್ಲ, ಇಮೇಲ್ ವ್ಯವಸ್ಥೆಯ ಬುಡದಲ್ಲೇ ಇರುವ ತೊಡಕು. 1988ರಷ್ಟು ಹಿಂದೆಯೇ ಕ್ರೇಗ್ ಪಾರ್ಟ್ರಿಜ್ ಈ ಒಂದು ತೊಂದರೆಯ ಬಗ್ಗೆಯೇ ಆರ್‌ಎಫ್‌ಸಿ 1047 ಎಂಬ ಪುಟ್ಟ ದಾಖಲೆ ಬರೆದಿದ್ದರು.

ರಿಜಿಸ್ಟರ್ಡ್ ಪೋಸ್ಟ್ ಕಳಿಸಿದ್ದೀರಿ ಎಂದುಕೊಳ್ಳಿ. ಕಾಗದ ತಲುಪಿದೆ, ಆದರೆ ಸಹಿಯಾದ ಸ್ವೀಕೃತಿ ಕಾರ್ಡು ದಾರಿಯಲ್ಲಿ ಕಳೆದುಹೋಗಿದೆ. ನಿಮಗೆ ಉಳಿಯುವುದು ಎರಡೇ ದಾರಿ. ತಲುಪಿರಬಹುದು ಎಂದು ಸುಮ್ಮನಿರಬಹುದು, ಆಗ ತಲುಪದೇ ಹೋಗಿದ್ದರೆ ಕೆಲಸ ಕೆಟ್ಟಿತು. ಇಲ್ಲವೇ ಇನ್ನೊಮ್ಮೆ ಕಳಿಸಬಹುದು, ಆಗ ಅವರ ಕೈಗೆ ಎರಡು ಪ್ರತಿ ಸೇರುತ್ತವೆ. ಕಾರ್ಡು ಕಳೆದುಹೋಗುವ ಸಾಧ್ಯತೆ ಇರುವವರೆಗೂ ಮೂರನೇ ದಾರಿ ಇಲ್ಲ. ಇಮೇಲ್ ನಿಯಮಗಳು ಎರಡನೇ ದಾರಿಯನ್ನು ಆರಿಸಿಕೊಂಡಿವೆ. ಕಳೆದುಕೊಳ್ಳುವುದಕ್ಕಿಂತ ಎರಡಾಗುವುದು ಮೇಲು ಎಂಬ ನಿಲುವು ಅದು, ನನ್ನ ಮಟ್ಟಿಗೆ ಸರಿಯಾದ ನಿಲುವು.

ನಮ್ಮ ಬಸ್ ಆ್ಯಪ್‌ನಲ್ಲಿ ಇದು ಹೇಗೆ ನಡೆಯುತ್ತದೆ ನೋಡಿ. ಪ್ರೋಗ್ರಾಂ ಸಾಲಿನಿಂದ ಚೀಟಿ ಎತ್ತಿಕೊಂಡಾಗ ಚೀಟಿ ಅಳಿಯುವುದಿಲ್ಲ, ಸ್ವಲ್ಪ ಹೊತ್ತು ಉಳಿದವರ ಕಣ್ಣಿಗೆ ಮರೆಯಾಗುತ್ತದೆ ಅಷ್ಟೆ. ಕೆಲಸ ಮುಗಿಸಿದ ಪ್ರೋಗ್ರಾಂ ಅದನ್ನು ತಾನೇ ಅಳಿಸಬೇಕು. ಅಮೆಜಾನ್‌ನ ಎಸ್‌ಕ್ಯುಎಸ್ ಎಂಬ ಜನಪ್ರಿಯ ಕ್ಯೂ ಸೇವೆಯಲ್ಲಿ, ಬೇರೆ ಹೇಳದಿದ್ದರೆ, ಈ ಮರೆಯ ಅವಧಿ 30 ಸೆಕೆಂಡು. ಅಷ್ಟರಲ್ಲಿ ಅಳಿಸದಿದ್ದರೆ, ಎತ್ತಿಕೊಂಡವರು ಕುಸಿದುಬಿದ್ದಿರಬೇಕು ಎಂದು ತಿಳಿದು ಕ್ಯೂ ಚೀಟಿಯನ್ನು ಮತ್ತೆ ಎಲ್ಲರ ಮುಂದಿಡುತ್ತದೆ.

ಮಾಮೂಲಿ ದಿನ ಮೇಲ್ ಸರ್ವರ್ ಒಂದೆರಡು ಸೆಕೆಂಡಿನಲ್ಲಿ ‘250’ ಎನ್ನುತ್ತದೆ. ದಸರಾ ರಜೆಯ ಹಿಂದಿನ ಸಂಜೆ ಅದೇ ಸರ್ವರ್ ಒತ್ತಡಕ್ಕೆ ಸಿಕ್ಕಿ 40 ಸೆಕೆಂಡು ತೆಗೆದುಕೊಂಡಿತು ಎನ್ನೋಣ. ಪತ್ರ ಆಗಲೇ ಒಪ್ಪಿತವಾಗಿದೆ, ಉತ್ತರವಷ್ಟೇ ಬಾಕಿ. 30ನೇ ಸೆಕೆಂಡಿಗೆ ಚೀಟಿ ಮತ್ತೆ ಕಾಣಿಸಿಕೊಳ್ಳುತ್ತದೆ, ಇನ್ನೊಂದು ಪ್ರೋಗ್ರಾಂ ಅದನ್ನೆತ್ತಿಕೊಂಡು ಎರಡನೇ ಪತ್ರ ಕಳಿಸುತ್ತದೆ. ಎಲ್ಲಿಯೂ ಏನೂ ಕುಸಿದಿಲ್ಲ, ಎರರ್ ಲಾಗ್ ಖಾಲಿಯಾಗಿಯೇ ಇದೆ. ವರ್ಷವಿಡೀ ಸರಿಯಿದ್ದ ಆ್ಯಪ್ ಹಬ್ಬದ ದಿನವೇ ಎರಡೆರಡು ಟಿಕೆಟ್ ಕಳಿಸುವುದರ ಹಿಂದೆ ಹೆಚ್ಚಾಗಿ ಇಂಥದ್ದೊಂದು ಕಾರಣ ಅಡಗಿರುತ್ತದೆ.

ಪರೀಕ್ಷೆಯಲ್ಲಿ ಇದನ್ನು ಹೀಗೆ ಮರುಸೃಷ್ಟಿಸಬಹುದು. ಪತ್ರವನ್ನು ತಕ್ಷಣ ಪಡೆದುಕೊಂಡು, ಉತ್ತರವನ್ನು ಮಾತ್ರ ಬೇಕೆಂದೇ 45 ಸೆಕೆಂಡು ತಡೆಹಿಡಿಯುವ ಒಂದು ನಕಲಿ ಸರ್ವರ್ ಇಡಬೇಕು. ಒಂದು ಟಿಕೆಟ್ ಕಾದಿರಿಸಿ, ಎರಡು ನಿಮಿಷ ಕಾದು, ಪೆಟ್ಟಿಗೆಯಲ್ಲಿ ಎಷ್ಟು ಪತ್ರ ಇವೆ ಎಂದು ಎಣಿಸಬೇಕು. ಎರಡನೇ ಸಲ, ಪತ್ರ ಒಪ್ಪಿತವಾದ ಕ್ಷಣವೇ ಕಳಿಸುವ ಪ್ರೋಗ್ರಾಂ ಅನ್ನು ಬಲವಂತವಾಗಿ ನಿಲ್ಲಿಸಿ ಎಣಿಸಬೇಕು. ಮೂರನೇ ಸಲ, ‘ಹಣ ಬಂತು’ ಎಂದು ಪಾವತಿ ಕಂಪನಿಯಿಂದ ಬರುವ ಸೂಚನೆಯನ್ನು ಎರಡು ಬಾರಿ ಕೊಡಬೇಕು. ತಮಗೆ ಉತ್ತರ ಬರದಿದ್ದರೆ ಆ ಕಂಪನಿಗಳೂ ಸೂಚನೆಯನ್ನು ಮತ್ತೆ ಕಳಿಸುತ್ತವೆ.

ತಡೆಯುವ ಬೀಗ, ಬೀಗದ ಅಪಾಯ

ಪರಿಹಾರ ಒಂದಿದೆ. ಪ್ರತಿ ಸಂದೇಶಕ್ಕೂ ಒಂದು ಗುರುತು ಕೊಟ್ಟು, ಕಳಿಸುವ ಮೊದಲು ಅದನ್ನು ಡೇಟಾಬೇಸ್‌ನಲ್ಲಿ ಬರೆಯುವುದು. ಅದೇ ಗುರುತು ಎರಡನೇ ಸಲ ಬರೆಯಲು ಹೋದರೆ ಡೇಟಾಬೇಸ್ ಒಪ್ಪುವುದಿಲ್ಲ, ಎರಡನೇ ಪತ್ರ ಅಲ್ಲಿಗೇ ನಿಲ್ಲುತ್ತದೆ.

ಇಲ್ಲಿ ಗುರುತು ಯಾವುದು ಎಂಬುದರಲ್ಲೇ ಎಲ್ಲವೂ ಇದೆ. ಬರೀ ಟಿಕೆಟ್ ಸಂಖ್ಯೆಯನ್ನೇ ಗುರುತು ಮಾಡಿದರೆ, ಖಚಿತ ಪತ್ರ ಹೋದ ಮೇಲೆ ಅದೇ ಟಿಕೆಟ್‌ನ ರದ್ದತಿ ಪತ್ರ ಹೋಗುವುದಿಲ್ಲ. ಟಿಕೆಟ್ ಸಂಖ್ಯೆಯ ಜೊತೆ ‘ಖಚಿತ’, ‘ರದ್ದು’ ಎಂಬ ಬಗೆಯನ್ನೂ ಸೇರಿಸಿದರೆ ಅದು ಸರಿಹೋಗುತ್ತದೆ. ಆದರೆ ಸೀಟು 14ರಿಂದ 22ಕ್ಕೆ ಬದಲಾದಾಗ ಹೋಗಬೇಕಾದ ತಿದ್ದಿದ ಟಿಕೆಟ್ ಇನ್ನೂ ನಿಂತೇ ಇರುತ್ತದೆ. ಹಾಗಾಗಿ ಬದಲಾವಣೆಯ ಕ್ರಮಸಂಖ್ಯೆಯೂ ಗುರುತಿನೊಳಗೆ ಬರಬೇಕು. ಎರಡು ಬರುತ್ತಿದೆಯೇ ಎಂದು ನೋಡುವ ಪರೀಕ್ಷಕರು, ಬರಲೇಬೇಕಾದದ್ದು ನಿಂತಿದೆಯೇ ಎಂದೂ ಅಷ್ಟೇ ಶ್ರದ್ಧೆಯಿಂದ ನೋಡಬೇಕು. ಎರಡು ಬಂದರೆ ಜನ ದೂರುತ್ತಾರೆ. ಬರದೇ ಹೋದದ್ದು ಯಾರ ಗಮನಕ್ಕೂ ಬಾರದೆ ತಿಂಗಳುಗಟ್ಟಲೆ ಹಾಗೇ ಇದ್ದುಬಿಡಬಹುದು.

ಇನ್ನೂ ಒಂದು ಸೂಕ್ಷ್ಮವಿದೆ. ಗುರುತು ಬರೆದಾಯಿತು, ಪತ್ರ ಕಳಿಸುವ ಮೊದಲೇ ಪ್ರೋಗ್ರಾಂ ಕುಸಿಯಿತು. ಮರಳಿ ಎದ್ದಾಗ ಅದು ಗುರುತನ್ನು ನೋಡಿ, ಕೆಲಸ ಆಗಿದೆ ಎಂದು ಮುಂದೆ ಹೋಗುತ್ತದೆ. ಟಿಕೆಟ್ ಎಂದೂ ಹೋಗುವುದಿಲ್ಲ. ಸ್ವೀಕೃತಿ ಕಾರ್ಡಿನ ಅದೇ ಇಕ್ಕಟ್ಟು ಇನ್ನೊಂದು ಬಾಗಿಲಿನಿಂದ ಒಳಗೆ ಬಂದಿದೆ. ಆದ್ದರಿಂದ ಯಾವ ಸಂದೇಶದಲ್ಲಿ ಯಾವ ತಪ್ಪು ಸಹಿಸಬಹುದು ಎಂದು ತಂಡ ಕೂತು ತೀರ್ಮಾನಿಸಬೇಕು. ಟಿಕೆಟ್ ಎರಡು ಬಂದರೂ ಪ್ರಯಾಣ ನಿಲ್ಲುವುದಿಲ್ಲ, ಬರದಿದ್ದರೆ ನಿಲ್ಲುತ್ತದೆ. ಆಫರ್ ಪತ್ರ ಒಂದು ತಪ್ಪಿದರೆ ನಷ್ಟವಿಲ್ಲ, ಎರಡು ಬಂದರೆ ಕಿರಿಕಿರಿ. ಒಟಿಪಿ ಇವೆರಡಕ್ಕಿಂತ ಬೇರೆ. ಮತ್ತೆ ಕಳಿಸುವಾಗ ಹೊಸ ಸಂಖ್ಯೆ ಹುಟ್ಟಿಸಿದರೆ ಹಳೆಯದು ಸತ್ತಿರುತ್ತದೆ, ಆದರೆ ದಾರಿಯಲ್ಲಿ ತಡವಾಗಿದ್ದ ಹಳೆಯದೇ ಕೊನೆಗೆ ಬಂದು ತೆರೆಯ ಮೇಲೆ ನಿಲ್ಲಬಹುದು. ಜನ ಅದನ್ನೇ ಹೊಡೆದು ‘ತಪ್ಪು ಒಟಿಪಿ’ ಎನಿಸಿಕೊಳ್ಳುತ್ತಾರೆ. ಅವಧಿ ಮುಗಿಯುವವರೆಗೆ ಮರುಸಂದೇಶದಲ್ಲೂ ಅದೇ ಸಂಖ್ಯೆ ಇರುವಂತೆ ಮಾಡಿದರೆ ಈ ಗೊಂದಲ ತಪ್ಪುತ್ತದೆ.

ತಡ ಎಲ್ಲಿ ಆಯಿತು?

ತಡವಾಗಿ ಬಂದ ಇಮೇಲ್ ತನ್ನ ಪ್ರಯಾಣದ ಕಥೆಯನ್ನು ತಾನೇ ಹೊತ್ತಿರುತ್ತದೆ. ಪ್ರತಿ ಸರ್ವರ್ ಪತ್ರದ ತಲೆಯ ಮೇಲೆ Received ಎಂಬ ಒಂದು ಸಾಲು ಸೇರಿಸುತ್ತದೆ. ಹೊಸದು ಮೇಲೆ ಬರುವುದರಿಂದ ಕೆಳಗಿನಿಂದ ಮೇಲಕ್ಕೆ ಓದಬೇಕು. ಜಿಮೇಲ್‌ನಲ್ಲಿ ಪತ್ರದ ಮೂಲರೂಪ ತೆರೆದರೆ ಯಾರು ಬೇಕಾದರೂ ನೋಡಬಹುದು.

```
Received: from relay.example.net by mx.example.org;
  Sun, 12 Jan 2025 18:47:09 +0530
Received: from app.example.com by relay.example.net;
  Sun, 12 Jan 2025 18:15:52 +0530
```

ಆ್ಯಪ್ ಪತ್ರವನ್ನು 6:15ಕ್ಕೆ ಒಪ್ಪಿಸಿದೆ. ಮುಂದಿನ ಸರ್ವರ್‌ಗೆ ಅದು ಸೇರಿದ್ದು 6:47ಕ್ಕೆ. ನಡುವಿನ ಅಂತರ ಅರ್ಧ ಗಂಟೆಗೆ ಹತ್ತಿರವಿದ್ದರೆ ಒಂದು ಸಂಶಯ ಪಡಬಹುದು. ಪಡೆಯಬೇಕಾದ ಸರ್ವರ್ ‘ಈಗ ಆಗದು, ಆಮೇಲೆ ಬಾ’ ಎಂದು 4ರಿಂದ ಶುರುವಾಗುವ ಸಂಖ್ಯೆಯ ಉತ್ತರ ಕೊಟ್ಟಿರಬೇಕು. ಹಾಗೆ ಹೇಳಿಸಿಕೊಂಡವರು ಸಾಮಾನ್ಯವಾಗಿ 30 ನಿಮಿಷವಾದರೂ ಬಿಟ್ಟು ಮತ್ತೆ ಯತ್ನಿಸಬೇಕು, ನಾಲ್ಕೈದು ದಿನ ಕೈಬಿಡಬಾರದು ಎಂದು ಇಮೇಲ್ ನಿಯಮ ಹೇಳುತ್ತದೆ. ಅಪರಿಚಿತ ಸರ್ವರ್‌ಗಳನ್ನು ಮೊದಲ ಸಲ ಬೇಕೆಂದೇ ಹಿಂದಕ್ಕೆ ಕಳಿಸಿ, ಸ್ಪ್ಯಾಮ್ ಕಳಿಸುವವರು ಮತ್ತೆ ಬರುವುದಿಲ್ಲ ಎಂಬ ನಂಬಿಕೆಯ ಮೇಲೆ ನಡೆಯುವ ಸರ್ವರ್‌ಗಳೂ ಇವೆ.

ಇಂಥ ತಡವನ್ನು ಆ್ಯಪ್ ತಪ್ಪಿಸಲಾರದು. ತಡವಾದ ಮೇಲೆ ಆ ಸಂದೇಶಕ್ಕೆ ಅರ್ಥ ಉಳಿದಿದೆಯೇ ಎಂದು ನೋಡುವುದು ಅದರ ಕೈಯಲ್ಲಿದೆ. ‘ನಿಮ್ಮ ಬಸ್ ಇನ್ನೊಂದು ಗಂಟೆಯಲ್ಲಿ ಹೊರಡಲಿದೆ’ ಎಂಬ ಮೊಬೈಲ್ ನೋಟಿಫಿಕೇಷನ್ ತೆಗೆದುಕೊಳ್ಳಿ. ಫೋನ್ ಆಫ್ ಆಗಿದ್ದರೆ ಗೂಗಲ್‌ನ ಎಫ್‌ಸಿಎಂ ಸೇವೆ ಅದನ್ನು ಕಾಯ್ದಿಡುತ್ತದೆ. ಎಷ್ಟು ಹೊತ್ತು ಎಂದು ಕಳಿಸುವವರು ಹೇಳದಿದ್ದರೆ ನಾಲ್ಕು ವಾರ! ಬುಧವಾರ ಫೋನ್ ಚಾರ್ಜ್ ಮಾಡಿ ಹಚ್ಚಿದವರಿಗೆ ಸೋಮವಾರದ ಬಸ್ ಹೊರಡಲಿದೆ ಎಂಬ ಸೂಚನೆ ಬರುವುದು ಹೀಗೆ. ಕಾಯ್ದಿಡುವ ಅವಧಿಯನ್ನು 3600 ಸೆಕೆಂಡು ಎಂದು ಕೊಟ್ಟರೆ ಸಾಕು. ಪರೀಕ್ಷೆಗೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಸೂಚನೆ ಹೊರಡಿಸಿ, ಬಸ್ಸಿನ ಹೊತ್ತು ಮೀರಿದ ಮೇಲೆ ಮತ್ತೆ ನೆಟ್‌ವರ್ಕಿಗೆ ತರಬೇಕು. ಆಗ ಏನೂ ಬರಬಾರದು.

ಮೇಜಿನ ಮೇಲೆ ಅಲುಗಾಡದೆ ಮಲಗಿದ ಆಂಡ್ರಾಯ್ಡ್ ಫೋನ್ ಬ್ಯಾಟರಿ ಉಳಿಸಲು ಗಾಢ ನಿದ್ದೆಗೆ ಜಾರುತ್ತದೆ, ಮಾಮೂಲಿ ಆದ್ಯತೆಯ ಸಂದೇಶಗಳನ್ನು ತಡೆಹಿಡಿಯುತ್ತದೆ. ಪರೀಕ್ಷಕರ ಕೈಯಲ್ಲಿರುವ ಫೋನ್ ಸದಾ ಎಚ್ಚರವಾಗಿರುವುದರಿಂದ ಅವರಿಗೆ ಇದು ಕಾಣುವುದೇ ಇಲ್ಲ. ಫೋನನ್ನು ಬಲವಂತವಾಗಿ ಮಲಗಿಸಲು ಒಂದು ಆಜ್ಞೆ ಇದೆ:

```
adb shell dumpsys deviceidle force-idle
```

ಹೆಸರು, ಹೊತ್ತು, ಎಪ್ಪತ್ತು ಅಕ್ಷರ

ಟೆಂಪ್ಲೇಟ್ ಎಂದರೆ ಹೆಸರು, ಸೀಟು, ಸಮಯಗಳಿಗೆ ಜಾಗ ಬಿಟ್ಟು ಬರೆದಿಟ್ಟ ಪತ್ರ. ಇದನ್ನು ಪರೀಕ್ಷಿಸುವವರು ತುಂಬುವ ಹೆಸರು ಎರಡು ಭಾಗದ, ಸುಲಭದ ಇಂಗ್ಲಿಷ್ ಹೆಸರಾಗಿರುತ್ತದೆ. ನಮ್ಮಲ್ಲಿ ಕೊನೆಯ ಹೆಸರೇ ಇಲ್ಲದವರು ಲಕ್ಷಗಟ್ಟಲೆ ಇದ್ದಾರೆ. ಇನಿಷಿಯಲ್ ಮುಂದಿಟ್ಟುಕೊಂಡವರಿದ್ದಾರೆ, ಕನ್ನಡದಲ್ಲೇ ಹೆಸರು ಬರೆದವರಿದ್ದಾರೆ. ಕೊನೆಯ ಹೆಸರಿನ ಜಾಗ ಖಾಲಿ ಬಿಟ್ಟು ನೋಡದ ತಂಡವೇ null ಎಂದು ಅಚ್ಚಾದ ಟಿಕೆಟ್ ಕಳಿಸುವುದು.

ಕನ್ನಡ ಹೆಸರಿನಿಂದ ಎಸ್‌ಎಂಎಸ್‌ನಲ್ಲಿ ಇನ್ನೊಂದು ಪರಿಣಾಮವಿದೆ. ಸರಳ ಇಂಗ್ಲಿಷ್ ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಸುತ್ತವೆ. ಅದರೊಳಗೆ ಒಂದೇ ಒಂದು ಕನ್ನಡ ಅಕ್ಷರ ಬಂದರೂ ಇಡೀ ಸಂದೇಶದ ಮಿತಿ 70ಕ್ಕೆ ಇಳಿಯುತ್ತದೆ. 120 ಅಕ್ಷರದ ಇಂಗ್ಲಿಷ್ ಸಂದೇಶದಲ್ಲಿ ಪ್ರಯಾಣಿಕರ ಹೆಸರು ಮಾತ್ರ ಕನ್ನಡದಲ್ಲಿದ್ದರೆ ಅದು ಎರಡು ಎಸ್‌ಎಂಎಸ್ ಆಗಿ ಹೋಗುತ್ತದೆ, ದರವೂ ಎರಡರದು. ಎಣಿಕೆಯೂ ನಾವು ಕಾಣುವಂತಿಲ್ಲ. ‘ನಿಮ್ಮ’ ಎಂಬುದು ನಮ್ಮ ಕಣ್ಣಿಗೆ ಎರಡಕ್ಷರ, ಕಂಪ್ಯೂಟರಿಗೆ ಐದು: ನ, ಗುಡಿಸು, ಮ, ವಿರಾಮ, ಇನ್ನೊಂದು ಮ. ಉದ್ದ ಕಡಿಮೆ ಮಾಡಲು ಹೋಗಿ ನಡುವೆ ಕತ್ತರಿಸಿದರೆ ‘ರಾಜ್ಯ’ ಎಂಬುದು ‘ರಾಜ್’ ಆಗಿ ನಿಲ್ಲುತ್ತದೆ.

ಭಾರತದಲ್ಲಿ ಕಂಪನಿಗಳು ಕಳಿಸುವ ಎಸ್‌ಎಂಎಸ್ ಟೆಂಪ್ಲೇಟ್‌ಗಳನ್ನು ಮೊದಲೇ ನೋಂದಾಯಿಸಬೇಕು. ನೋಂದಾಯಿಸಿದ ಪಠ್ಯಕ್ಕೂ ಕಳಿಸಿದ್ದಕ್ಕೂ ತಾಳೆಯಾಗದಿದ್ದರೆ ಮೊಬೈಲ್ ಕಂಪನಿ ತಡೆಯುತ್ತದೆ. ಈ ತಪಾಸಣೆ 2021ರ ಮಾರ್ಚ್ 8ರಂದು ಜಾರಿಗೆ ಬಂದಾಗ ದೇಶದಾದ್ಯಂತ ಒಟಿಪಿಗಳು ನಿಂತು, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಅದನ್ನು ಏಳು ದಿನ ತಡೆಹಿಡಿಯಬೇಕಾಯಿತು. ಇಂದಿಗೂ ಯಾರೋ ಒಂದು ಪದವನ್ನು ಒಳ್ಳೆಯ ಉದ್ದೇಶದಿಂದಲೇ ತಿದ್ದಿದರೂ ಟಿಕೆಟ್ ಸಂದೇಶ ನಿಂತುಹೋಗಬಹುದು. ಆದ್ದರಿಂದ ಟೆಂಪ್ಲೇಟ್‌ನ ಪ್ರತಿ ತಿದ್ದುಪಡಿಯ ನಂತರವೂ ನಿಜವಾದ ಸಿಮ್ ಇರುವ ಫೋನಿಗೇ ಒಂದು ಸಂದೇಶ ಕಳಿಸಿ ನೋಡಬೇಕು.

ಹೊತ್ತಿನ ವಿಷಯದಲ್ಲಿ ಒಂದು ಪರೀಕ್ಷೆ ಸಾಕು, ಆದರೆ ಬಿಡುವಂತಿಲ್ಲ: ಮಧ್ಯರಾತ್ರಿ 12:30ರ ಬಸ್ ಕಾದಿರಿಸುವುದು. ಸರ್ವರ್ ಗ್ರೀನ್‌ವಿಚ್ ಸಮಯದಲ್ಲಿ ನಡೆಯುತ್ತಿದ್ದು, ಟೆಂಪ್ಲೇಟ್ ಅದನ್ನು ನಮ್ಮ ಸಮಯಕ್ಕೆ ಬದಲಿಸದಿದ್ದರೆ, 13ನೇ ತಾರೀಕಿನ ಬಸ್ 12ರ ಸಂಜೆ 7ಕ್ಕೆ ಎಂದು ಬರುತ್ತದೆ.

ಬೇಡ ಎಂದಮೇಲೆ

ಅನ್‌ಸಬ್‌ಸ್ಕ್ರೈಬ್ ಕೊಂಡಿಯನ್ನು ಒತ್ತಿ, ‘ನಿಮ್ಮನ್ನು ಪಟ್ಟಿಯಿಂದ ತೆಗೆಯಲಾಗಿದೆ’ ಎಂಬ ಪುಟ ಕಂಡರೆ ಪರೀಕ್ಷೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಆ ಪುಟ ಬಂತೆಂದ ಮಾತ್ರಕ್ಕೆ ಮೇಲ್ ನಿಂತಿತು ಎಂದಾಗುವುದಿಲ್ಲ.

ಮೊದಲು ಕೊಂಡಿಯನ್ನೇ ನೋಡೋಣ. ಅನೇಕ ಕಚೇರಿಗಳಲ್ಲಿ ಬರುವ ಪತ್ರಗಳ ಕೊಂಡಿಗಳನ್ನು ಭದ್ರತಾ ತಂತ್ರಾಂಶ ತಾನೇ ತೆರೆದು, ವಂಚನೆ ಇದೆಯೇ ಎಂದು ನೋಡುತ್ತದೆ. ಕೊಂಡಿ ತೆರೆದ ಮಾತ್ರಕ್ಕೆ ಹೆಸರು ತೆಗೆಯುವ ವ್ಯವಸ್ಥೆಯಿದ್ದರೆ, ಬೇಕು ಎಂದವರ ಹೆಸರೂ ಅವರಿಗೆ ತಿಳಿಯದಂತೆ ಹೋಗುತ್ತದೆ. ಇದಕ್ಕೆ ಉತ್ತರವಾಗಿ 2017ರಲ್ಲಿ ಆರ್‌ಎಫ್‌ಸಿ 8058 ಬಂತು. ಪತ್ರದ ತಲೆಯಲ್ಲಿ ಎರಡು ಸಾಲು ಇಡಬೇಕು:

```
List-Unsubscribe: <https://example.com/u/7f3a9c>
List-Unsubscribe-Post: List-Unsubscribe=One-Click
```

ಜಿಮೇಲ್‌ನಂಥ ಸೇವೆಗಳು ಕಳಿಸಿದವರ ಹೆಸರಿನ ಪಕ್ಕ ತೋರಿಸುವ ಅನ್‌ಸಬ್‌ಸ್ಕ್ರೈಬ್ ಗುಂಡಿ ಇದನ್ನು ಬಳಸಿಕೊಳ್ಳುತ್ತದೆ. ಗುಂಡಿ ಒತ್ತಿದಾಗ ಅವು ಆ ವಿಳಾಸಕ್ಕೆ ಪೋಸ್ಟ್ ವಿಧಾನದ ಕೋರಿಕೆ ಕಳಿಸುತ್ತವೆ, ಸುಮ್ಮನೆ ಪುಟ ತೆರೆಯುವುದಿಲ್ಲ. ಹಾಗಾಗಿ ಪರೀಕ್ಷೆ ಎರಡು. ಬ್ರೌಸರಿನಲ್ಲಿ ವಿಳಾಸ ತೆರೆದಾಗ ಹೆಸರು ಪಟ್ಟಿಯಲ್ಲಿ ಉಳಿದಿರಬೇಕು. ಕೆಳಗಿನಂತೆ ಕಳಿಸಿದಾಗ, ಲಾಗಿನ್ ಕೇಳದೆ, ಬೇರೆ ಪುಟಕ್ಕೆ ಅಟ್ಟದೆ, ಹೆಸರು ಹೋಗಬೇಕು:

```
curl -X POST -d "List-Unsubscribe=One-Click" \
  https://example.com/u/7f3a9c
```

2024ರ ಫೆಬ್ರುವರಿಯಿಂದ ಜಿಮೇಲ್ ಮತ್ತು ಯಾಹೂ ದೊಡ್ಡ ಪ್ರಮಾಣದಲ್ಲಿ ಪ್ರಚಾರ ಮೇಲ್ ಕಳಿಸುವವರಿಂದ ಇದನ್ನು ಕೇಳುತ್ತಿವೆ. ಜಿಮೇಲ್ ಮಟ್ಟಿಗೆ ದಿನಕ್ಕೆ 5,000 ದಾಟಿದವರು ದೊಡ್ಡವರು. ಕೋರಿಕೆ ಬಂದ ಎರಡು ದಿನದೊಳಗೆ ನಿಲ್ಲಿಸಬೇಕು ಎಂಬುದೂ ಷರತ್ತು.

ಎರಡು ದಿನ ಎಂಬುದು ಹೊರಗಿನವರ ಮಿತಿ. ನಿಲ್ಲಿಸು ಎಂದು ಒತ್ತಿದವರು ಆ ಕ್ಷಣದಿಂದಲೇ ನಿಲ್ಲಲಿ ಎಂದು ಬಯಸುತ್ತಾರೆ. ದೀಪಾವಳಿ ಆಫರ್‌ಗೆ ಲಕ್ಷ ಜನರ ಪಟ್ಟಿಯನ್ನು ಬೆಳಿಗ್ಗೆ 10ಕ್ಕೆ ತಯಾರಿಸಿ, ಸರತಿಯಲ್ಲಿ ಕಳಿಸುತ್ತ ಹೋದರೆ ಕೊನೆಯ ಪತ್ರ ಮಧ್ಯಾಹ್ನ ಹೊರಡಬಹುದು. 10:20ಕ್ಕೆ ಬೇಡ ಎಂದವರ ಪತ್ರ ಆಗಲೇ ಸಾಲಿನಲ್ಲಿ ನಿಂತಿದೆ. ಪಟ್ಟಿ ಮಾಡುವಾಗ ಮಾತ್ರ ಕೇಳುವ ಆ್ಯಪ್ ಅದನ್ನು ಕಳಿಸಿಯೇ ಬಿಡುತ್ತದೆ. ಪ್ರತಿ ಪತ್ರ ಹೊರಡುವ ಮುನ್ನ ‘ಇವರು ಈಗಲೂ ಪಟ್ಟಿಯಲ್ಲಿದ್ದಾರೆಯೇ’ ಎಂದು ಕೇಳುವ ಆ್ಯಪ್ ನಿಲ್ಲಿಸುತ್ತದೆ. ಕ್ಯೂ ತಡೆದಿಟ್ಟು, ಸಾಲಿನಲ್ಲಿರುವ ಒಬ್ಬರನ್ನು ಪಟ್ಟಿಯಿಂದ ತೆಗೆದು, ಕ್ಯೂ ಬಿಟ್ಟು ನೋಡಿದರೆ ಯಾವ ಜಾತಿಯ ಆ್ಯಪ್ ಎಂದು ಐದು ನಿಮಿಷದಲ್ಲಿ ತಿಳಿಯುತ್ತದೆ.

ಅದೇ ಪ್ರಯಾಣಿಕರ ಹೆಸರಲ್ಲಿ ತಕ್ಷಣ ಒಂದು ಟಿಕೆಟ್ ಕಾದಿರಿಸಿ ರದ್ದೂ ಮಾಡಬೇಕು. ಆಫರ್ ಬೇಡ ಎಂದವರಿಗೆ ಟಿಕೆಟ್ ಬೇಡವಾಗಿರುವುದಿಲ್ಲ. ಖಚಿತ ಪತ್ರವೂ ರದ್ದತಿಯ ಪತ್ರವೂ ಬರಲೇಬೇಕು.

ಕೊನೆಯದಾಗಿ, ತಿಂಗಳುಗಳ ನಂತರ ನಡೆಯುವುದನ್ನು ಇಂದೇ ನಡೆಸಿ ನೋಡಬೇಕು. ಮಾರಾಟ ವಿಭಾಗದವರು ಹಳೆಯ ಎಕ್ಸೆಲ್ ಪಟ್ಟಿಯನ್ನು ಮತ್ತೆ ಆ್ಯಪ್‌ಗೆ ಏರಿಸುತ್ತಾರೆ. ಬೇಡ ಎಂದವರ ಹೆಸರು ಅದರಲ್ಲಿ ಹಾಗೆಯೇ ಇರುತ್ತದೆ. ಪಟ್ಟಿಯಿಂದ ಸಾಲನ್ನೇ ಅಳಿಸಿಹಾಕುವ ಆ್ಯಪ್‌ಗೆ ಇವರು ಹಿಂದೊಮ್ಮೆ ಬೇಡ ಎಂದಿದ್ದು ನೆನಪಿರುವುದಿಲ್ಲ, ಹೊಸ ಚಂದಾದಾರರೆಂದು ಸೇರಿಸಿಕೊಳ್ಳುತ್ತದೆ. ಬೇಡ ಎಂದವರ ವಿಳಾಸಗಳನ್ನು ಪ್ರತ್ಯೇಕವಾಗಿ ಕಾಯ್ದಿಟ್ಟಿರುವ ಆ್ಯಪ್ ಮಾತ್ರ ತಡೆಯುತ್ತದೆ. ಪರೀಕ್ಷೆಗೆ ಮೂರು ಸಾಲಿನ ಎಕ್ಸೆಲ್ ಸಾಕು: ಒಬ್ಬರು ಹೊಸಬರು, ಒಬ್ಬರು ಪಟ್ಟಿಯಲ್ಲಿ ಈಗಾಗಲೇ ಇರುವವರು, ಒಬ್ಬರು ಬೇಡ ಎಂದು ಹೋದವರು, ಅವರ ವಿಳಾಸವನ್ನು ಈ ಸಲ ದೊಡ್ಡಕ್ಷರಗಳಲ್ಲಿ ಬರೆದು. ಏರಿಸಿ, ಒಂದು ಆಫರ್ ಕಳಿಸಿ, ಪೆಟ್ಟಿಗೆ ತೆರೆದರೆ ಅಲ್ಲಿ ಎರಡೇ ಪತ್ರ ಇರಬೇಕು.